ದೊಡ್ಡಮ್ಮನ ಷೆಂಗೆನ್ ವೀಸಾ ಫಾರ್ಮ್: ಯಾವ ಕಾಲಂನಲ್ಲಿ ಏನು ಬರೀಬೇಕು

ದೊಡ್ಡಮ್ಮಾ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರೋ ಷೆಂಗೆನ್ ವೀಸಾದ ಫಾರ್ಮಿನ ಫೋಟೋ ಬಂತು. ಎಲ್ಲಾ ಕಾಲಂಗೂ ನಂಬರ್ ಇದೆ, ಅದನ್ನೇ ಹಿಡಿದು ಹೇಳ್ತೀನಿ. ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ.

1 ಮನೆತನದ ಹೆಸರು, ಅಂದ್ರೆ ಸರ್‌ನೇಮ್. 2 ಹುಟ್ಟಿದಾಗ ಇದ್ದ ಸರ್‌ನೇಮ್. ನಿಮ್ಮದು ಮದುವೆ ಆದ ಮೇಲೆ ಬದಲಾಗಿದೆ ಅಲ್ವಾ, ಇಲ್ಲಿ ತವರಿನದು ಬರೆಯಿರಿ. 3 ನಿಮ್ಮ ಹೆಸರು. 1 ಮತ್ತು 3 ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು, ಒಂದು ಅಕ್ಷರವೂ ಆಚೀಚೆ ಆಗಬಾರದು.

4 ಹುಟ್ಟಿದ ದಿನ: ಮೊದಲು ದಿನ, ಆಮೇಲೆ ತಿಂಗಳು, ವರ್ಷ. 5 ಹುಟ್ಟಿದ ಊರು, 6 ದೇಶ, 7 ಈಗಿನ ಪೌರತ್ವ. 8 ಹೆಣ್ಣು, 9 ವಿವಾಹಿತೆ ಅನ್ನೋ ಕಡೆ ಗುರುತು ಹಾಕಿ. 10 ಮಕ್ಕಳಿಗೆ, ಬಿಡಿ. 11 ರಾಷ್ಟ್ರೀಯ ಗುರುತಿನ ಸಂಖ್ಯೆ. ಇದನ್ನು ಅರ್ಜಿ ಕೊಡುವಾಗ ಕೌಂಟರಿನಲ್ಲಿ ಕೇಳಿ ಬರೆಯೋಣ. 12 ಸಾಮಾನ್ಯ ಪಾಸ್‌ಪೋರ್ಟ್. 13ರಿಂದ 16: ಅದರ ನಂಬರ್, ಕೊಟ್ಟ ದಿನ, ಮುಗಿಯುವ ದಿನ, ಕೊಟ್ಟ ದೇಶ.

17, 18 ಯುರೋಪಿನ ಪೌರರಾದ ಸಂಬಂಧಿಕರ ವಿವರ. ನಿಮ್ಮ ಮಗಳು, ಅಂದ್ರೆ ನಮ್ಮ ಅಕ್ಕ, ಜರ್ಮನಿಯಲ್ಲಿ ಕೆಲಸಕ್ಕಿದ್ದರೂ ಪಾಸ್‌ಪೋರ್ಟ್ ನಮ್ಮ ದೇಶದ್ದೇ. ಆದ್ದರಿಂದ ಇವೆರಡೂ ಖಾಲಿ. ಕೆಲವು ಕಾಲಂ ಪಕ್ಕ ನಕ್ಷತ್ರದ ಗುರುತು ಇದೆ ನೋಡಿ. ಅಂಥ ಸಂಬಂಧಿಕರು ಇರೋರು ಅವನ್ನು ತುಂಬಬೇಕಿಲ್ಲ ಅಂತ ಅದರರ್ಥ. ನಿಮಗೆ ಆ ವಿನಾಯಿತಿ ಇಲ್ಲ, ಅವುಗಳಲ್ಲಿ ನಿಮಗೆ ಅನ್ವಯಿಸೋದನ್ನೆಲ್ಲ ತುಂಬಲೇಬೇಕು.

19 ಮನೆ ವಿಳಾಸ, ಇಮೇಲ್, ಫೋನ್. 20 ಬೇರೆ ದೇಶದಲ್ಲಿ ವಾಸ ಇದ್ದೀರಾ ಅಂತ ಕೇಳ್ತಿದ್ದಾರೆ, ಇಲ್ಲ. 21 ಕೆಲಸ: ಹೌಸ್‌ವೈಫ್. 22 ಕೆಲಸ ಕೊಟ್ಟವರ ವಿವರ, ನಿಮಗೆ ಅನ್ವಯಿಸಲ್ಲ. 23 ಪ್ರವಾಸದ ಉದ್ದೇಶ: ಮನೆಯವರನ್ನು ಅಥವಾ ಸ್ನೇಹಿತರನ್ನು ನೋಡಲು. 24ರಲ್ಲಿ ಮಗಳ ಮನೆಯಲ್ಲಿ ಉಳಿಯುತ್ತೇನೆ ಅಂತ ಬರೆಯಿರಿ.

ಈಗ ನಿಧಾನವಾಗಿ ಓದಿ, ತಪ್ಪು ಜಾಸ್ತಿ ಆಗೋದು ಇಲ್ಲೇ. 25 ಮುಖ್ಯವಾಗಿ ಹೋಗುವ ದೇಶ, 26 ಮೊದಲು ಕಾಲಿಡುವ ದೇಶ. ಎರಡೂ ಒಂದೇ ಅಲ್ಲ. ನೀವು ಪ್ಯಾರಿಸ್‌ನಲ್ಲಿ ಇಳಿದು ಮೂರು ದಿನ ಇದ್ದು, ಆಮೇಲೆ ಜರ್ಮನಿಗೆ ಹೋಗ್ತೀರಿ. ಜಾಸ್ತಿ ದಿನ ಇರೋದು ಅಕ್ಕನ ಹತ್ತಿರ, ಆದ್ದರಿಂದ 25 ಜರ್ಮನಿ, 26 ಫ್ರಾನ್ಸ್. 25ರಲ್ಲೇ ಇತರ ದೇಶ ಅಂತ ಫ್ರಾನ್ಸನ್ನೂ ಸೇರಿಸಿ. 27 ಎಷ್ಟು ಸಲ ಒಳಗೆ ಹೋಗುತ್ತೀರಿ: ಒಂದು. ಎರಡು ದೇಶ ನೋಡಿದರೂ ಎರಡೂ ಷೆಂಗೆನ್ ಒಳಗೇ ಇರೋದರಿಂದ ಒಂದೇ ಸಲ ಅಂತ ಲೆಕ್ಕ. ಬರುವ ದಿನ ಜೂನ್ 5, ಹೊರಡುವ ದಿನ ಜೂನ್ 26. ವಿಮಾನ ಹತ್ತೋದು 4ರ ರಾತ್ರಿ ಆದರೂ ಇಲ್ಲಿ ಬೇಕಿರೋದು ಇಳಿಯುವ ದಿನ.

28 ಮೊದಲು ಷೆಂಗೆನ್ ವೀಸಾಗೆ ಬೆರಳಚ್ಚು ಕೊಟ್ಟಿದ್ದೀರಾ: ಇಲ್ಲ. 29 ಅಲ್ಲಿಂದ ಮುಂದೆ ಬೇರೆ ದೇಶಕ್ಕೆ ಹೋಗೋರಿಗೆ, ಬಿಡಿ. 30 ಕರೆಸಿಕೊಳ್ಳುವವರು: ಅಕ್ಕನ ಹೆಸರು, ವಿಳಾಸ, ಇಮೇಲ್, ಫೋನ್. 31 ಕಂಪನಿಗೆ, ಖಾಲಿ ಬಿಡಿ. 32 ಖರ್ಚು ಯಾರದ್ದು? ಅಕ್ಕನದ್ದೇ, ಅದಕ್ಕೆ ಪ್ರಾಯೋಜಕರು ಅನ್ನೋ ಕಡೆ ಗುರುತು ಹಾಕಿ 30ನೇ ಕಾಲಂನವರು ಅಂತ ಆರಿಸಿ. ಅಕ್ಕ ಜರ್ಮನಿಯ ಕಚೇರಿಯಲ್ಲಿ ಮಾಡಿಸಿ ಕಳಿಸಿದ ಖರ್ಚಿನ ಖಾತರಿ ಪತ್ರವನ್ನೂ ಜೊತೆಗಿಡಿ.

ಬಲಗಡೆಯ ಪಟ್ಟಿ ಕಚೇರಿಯವರದ್ದು, ಏನೂ ಬರೆಯಬೇಡಿ. ಹಲವು ಸಲದ ವೀಸಾ ಕೇಳೋರ ಸಹಿಯ ಜಾಗವೂ ನಿಮ್ಮದಲ್ಲ. ಕೊನೆಯ ಸಹಿ ಪಾಸ್‌ಪೋರ್ಟಿನ ಹಾಗೇ ಇರಲಿ. ಸಹಿ ಹಾಕೋ ಮುಂಚೆ ತುಂಬಿದ ಪುಟಗಳ ಫೋಟೋ ಕಳಿಸಿ ದೊಡ್ಡಮ್ಮಾ, ನಾನೊಮ್ಮೆ ನೋಡ್ತೀನಿ.