ಭಾಲ್ಕಿ ತಾಲೂಕಿನ ಕೆರೆಯೊಂದರ ರೋಹು ಮೀನು: ಬೆಳವಣಿಗೆ ಮತ್ತು ವಯಸ್ಸಿನ ಹಂಚಿಕೆ (ಜೂನ್ 2025ರ ಮಾದರಿ)

ಮೀನುಗಾರರ ಸಹಕಾರ ಸಂಘ ಕೇಳಿದ್ದು ಒಂದೇ ಪ್ರಶ್ನೆ: "ಕಿಲೋ ದಾಟಿದ ಮೀನು ಈ ವರ್ಷ ಯಾಕೆ ಕಮ್ಮಿ? ನಾವೇ ಜಾಸ್ತಿ ಹಿಡಿದುಬಿಟ್ಟೆವಾ?" ಅದಕ್ಕೆ ಉತ್ತರ ಕೊಡಲು ರೋಹು ಎಷ್ಟು ವೇಗವಾಗಿ ಬೆಳೆಯುತ್ತಿದೆ, ಕೆರೆಯಲ್ಲಿ ಯಾವ ವಯಸ್ಸಿನ ಮೀನು ಎಷ್ಟಿದೆ ಎಂದು ನೋಡಿದೆವು. ಕೆರೆ ಕೋಡಿ ಬಿದ್ದರೆ ನೀರು ಕಾರಂಜಾ ಹೊಳೆಗೆ ಹೋಗುತ್ತದೆ. ಜೂನ್‌ನಲ್ಲಿ ನೀರು ತೀರಾ ಇಳಿದಿರುತ್ತದೆ, ಹಾಗಾಗಿ ಹಿಡಿಯುವುದು ಸುಲಭ.

ಮಾದರಿ ಮತ್ತು ವಯಸ್ಸು ಗುರುತಿಸಿದ್ದು

ಸಂಘದ ಸದಸ್ಯರು ಥರ್ಮಾಕೋಲ್ ತೆಪ್ಪದ ಮೇಲೆ ಹೋಗಿ 100 ಮತ್ತು 150 ಮಿ.ಮೀ. ಕಣ್ಣಿನ ಗಿಲ್‌ನೆಟ್ ಹಾಕಿದರು. ಸಣ್ಣ ಮೀನಿಗಾಗಿ ದಡದಲ್ಲಿ ಸಣ್ಣ ಕಣ್ಣಿನ ಎಳೆಬಲೆಯನ್ನೂ ಎಳೆದೆವು. ಮೂತಿಯಿಂದ ಬಾಲದ ತುದಿಯವರೆಗಿನ ಪೂರ್ತಿ ಉದ್ದವನ್ನು ಅಳೆದೆವು. ಬೆನ್ನಿನ ರೆಕ್ಕೆಯ ಕೆಳಗೆ, ಪಕ್ಕದ ಗೆರೆಗಿಂತ ಮೇಲೆ ಇರುವ ಜಾಗದಿಂದ ಪ್ರತಿ ಮೀನಿನ ಆರೇಳು ಹುರುಪೆ ತೆಗೆದು, ಸೋಪಿನ ನೀರಿನಲ್ಲಿ ತೊಳೆದು, ಎರಡು ಗಾಜಿನ ಪಟ್ಟಿಗಳ ನಡುವೆ ಇಟ್ಟೆವು.

ಹುರುಪೆಯ ಮೇಲೆ ಕಡಿದ ಮರದ ಕಾಂಡದಲ್ಲಿ ಇರುವಂಥ ಉಂಗುರಗಳಿರುತ್ತವೆ. ಬೆಳವಣಿಗೆ ನಿಧಾನವಾದಾಗ ಗೆರೆಗಳು ಒತ್ತೊತ್ತಾಗಿ ಬರುತ್ತವೆ. ವರ್ಷಕ್ಕೊಂದು ಉಂಗುರ ಎಂದು ಎಣಿಸುವುದು. ತೊಂದರೆ ಏನೆಂದರೆ, ಬೇಸಿಗೆಯಲ್ಲಿ ನೀರು ಏಕಾಏಕಿ ಇಳಿದರೂ ಒಂದು ಸುಳ್ಳು ಉಂಗುರ ಬೀಳಬಹುದು. ಅದು ಹುರುಪೆಯ ಸುತ್ತ ಪೂರ್ತಿ ತಿರುಗಿರುವುದಿಲ್ಲ, ಅದೇ ಗುರುತು. ಉದುರಿ ಮತ್ತೆ ಹುಟ್ಟಿದ ಹುರುಪೆಯ ನಡುವೆ ಗೆರೆಗಳೇ ಇರುವುದಿಲ್ಲ, ಅಂಥವನ್ನು ಎಸೆದೆವು.

ಒಟ್ಟು 231 ಮೀನುಗಳ ಹುರುಪೆಯನ್ನು ಇಬ್ಬರು, ಮೀನಿನ ಉದ್ದ ನೋಡದೆ, ಬೇರೆ ಬೇರೆ ಎಣಿಸಿದರು. ಉದ್ದ ಗೊತ್ತಿದ್ದರೆ ಕಣ್ಣು ತನಗೆ ಬೇಕಾದ ಉಂಗುರ ಕಾಣುತ್ತದೆ! 187ರಲ್ಲಿ ಮೊದಲ ಸಲವೇ ಒಂದೇ ಸಂಖ್ಯೆ ಬಂತು (81%). ಉಳಿದವನ್ನು ಕೂತು ಮತ್ತೆ ನೋಡಿದೆವು. 19 ಮೀನುಗಳ ಮೇಲೆ ಒಮ್ಮತ ಬರಲಿಲ್ಲ, ಕೈಬಿಟ್ಟೆವು. ಉಳಿದದ್ದು 212. ವಯಸ್ಸು ಗೊತ್ತಿರುವ ಕೃಷಿಹೊಂಡದ 15 ರೋಹುಗಳನ್ನೂ ಹೀಗೇ ಓದಿಸಿದಾಗ 14 ಸರಿ ಬಂದವು. ಆದರೆ ಅವೆಲ್ಲ ಒಂದು, ಎರಡು ವರ್ಷದವು. ದೊಡ್ಡ ಮೀನಿನ ವಯಸ್ಸಿಗೆ ಈ ಭರವಸೆ ಅಷ್ಟಾಗಿ ಸಲ್ಲದು.

| ವಯಸ್ಸು (ವರ್ಷ) | ಬಿತ್ತನೆ ವರ್ಷ | ಮೀನು | ಪಾಲು (%) | ಸರಾಸರಿ ಉದ್ದ (ಸೆಂ.ಮೀ.) |
|---|---|---|---|---|
| 1 | 2024 | 38 | 17.9 | 26.1 |
| 2 | 2023 | 21 | 9.9 | 41.5 |
| 3 | 2022 | 92 | 43.4 | 53.9 |
| 4 | 2021 | 44 | 20.8 | 62.0 |
| 5 | 2020 | 14 | 6.6 | 68.1 |
| 6 | 2019 | 3 | 1.4 | 72.5 |

ಬೆಳವಣಿಗೆಯ ರೇಖೆ

ವಯಸ್ಸಿನ ಜತೆ ಉದ್ದ ಹೇಗೆ ಏರುತ್ತದೆ ಎಂದು ಹೇಳುವ ವಾನ್ ಬರ್ಟಲಾನ್ಫಿ ಸಮೀಕರಣವನ್ನು ಬಳಸಿದೆವು. ಅದರಲ್ಲಿ `L` ಉದ್ದ, `t` ವಯಸ್ಸು, `Linf` ಮೀನು ಸರಾಸರಿ ಬಂದು ನಿಲ್ಲುವ ಉದ್ದ, `K` ಆ ಉದ್ದದ ಕಡೆಗೆ ಎಷ್ಟು ಬೇಗ ಸಾಗುತ್ತದೆ ಎಂಬುದು, `t0` ರೇಖೆಯ ಪ್ರಕಾರ ಉದ್ದ ಸೊನ್ನೆ ಇರುವ ವಯಸ್ಸು. ಸರಾಸರಿಗಳಿಗಲ್ಲ, ಒಂದೊಂದು ಮೀನಿನ ಅಳತೆಗೂ R ತಂತ್ರಾಂಶದಲ್ಲಿ ರೇಖೆ ಕೂರಿಸಿದ್ದೇವೆ.

```
f <- nls(L ~ Linf*(1-exp(-K*(t-t0))), data=rohu,
         start=list(Linf=85, K=0.3, t0=-0.2))
confint(f)
```

ಮೊದಲು ಗಿಲ್‌ನೆಟ್ ಮೀನುಗಳನ್ನು ಮಾತ್ರ ಹಾಕಿದಾಗ `Linf` 90 ಸೆಂ.ಮೀ., `K` 0.26, `t0` −0.48 ಬಂತು. ನೋಡಲು ರೇಖೆ ಚೆನ್ನಾಗಿಯೇ ಇತ್ತು. ಆದರೆ ಗಿಲ್‌ನೆಟ್‌ಗೆ ಬಿದ್ದ ಒಂದು ವರ್ಷದ 12 ಮೀನುಗಳ ಸರಾಸರಿ ಉದ್ದ 29.8 ಸೆಂ.ಮೀ., ಎಳೆಬಲೆಯ 26 ಮೀನುಗಳದು 24.4. ಅಂದರೆ ದೊಡ್ಡ ಕಣ್ಣಿನ ಬಲೆಗೆ ಆ ವಯಸ್ಸಿನಲ್ಲಿ ಬೇಗ ಬೆಳೆದವು ಮಾತ್ರ ಸಿಕ್ಕಿವೆ. ಸಣ್ಣವು ನುಸುಳಿ ಹೋಗಿವೆ. ಎರಡನ್ನೂ ಸೇರಿಸಿದ ಮೇಲೆ ಬಂದ ರೇಖೆಯನ್ನೇ ನಂಬುತ್ತೇವೆ:

`L(t) = 86*(1 - exp(-0.31*(t + 0.15)))`

95% ಮಿತಿಗಳಲ್ಲಿ `Linf` 80ರಿಂದ 95 ಸೆಂ.ಮೀ., `K` 0.25ರಿಂದ 0.36. ಈ ಎರಡು ಒಟ್ಟಿಗೆ ಎಳೆದಾಡುತ್ತವೆ: ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಹಾಗಾಗಿ ಬೇರೆ ಕೆರೆಯ `K` ಜತೆ ನಮ್ಮ `K` ಒಂದನ್ನೇ ಇಟ್ಟು ಹೋಲಿಸಬಾರದು. ಅದಕ್ಕೆ ಎರಡನ್ನೂ ಕೂಡಿಸಿದ ಬೆಳವಣಿಗೆ ಸೂಚ್ಯಂಕ ಇದೆ, ನಮ್ಮಲ್ಲಿ ಅದು 3.36.

"92 ಸೆಂ.ಮೀ. ಮೀನು ನಾನೇ ಹಿಡಿದಿದ್ದೇನೆ, ನಿಮ್ಮ 86 ಹೇಗೆ ಸರಿ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ. 86 ಎಂಬುದು ಕೆರೆಯ ಅತಿ ದೊಡ್ಡ ಮೀನಿನ ಉದ್ದ ಅಲ್ಲ. ತುಂಬ ಕಾಲ ಬದುಕಿದರೆ ಮೀನುಗಳು ಸರಾಸರಿ ಎಲ್ಲಿಗೆ ಬಂದು ನಿಲ್ಲುತ್ತವೆ ಎಂಬ ಅಂದಾಜು. ಅದರಲ್ಲೂ ನಮ್ಮ ಬಳಿ ಆರು ವರ್ಷದವು ಇರುವುದು ಮೂರೇ ಮೀನು. ರೇಖೆಯ ಆ ತುದಿಗೆ ಆಧಾರ ಕಮ್ಮಿ.

ಸಂಘಕ್ಕೆ ಬೇಕಾದದ್ದು ರೇಖೆಯ ನಡುಭಾಗ. ಎರಡರಿಂದ ಮೂರನೇ ವರ್ಷಕ್ಕೆ ಮೀನು 12.4 ಸೆಂ.ಮೀ. ಉದ್ದವಾಗುತ್ತದೆ. ತೂಕ ಹೆಚ್ಚುಕಮ್ಮಿ ಉದ್ದದ ಘನದಂತೆ ಏರುವುದರಿಂದ, ಅದೇ ಒಂದು ವರ್ಷದಲ್ಲಿ ತೂಕ ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ನಾಲ್ಕರಿಂದ ಐದಕ್ಕೆ ಸಿಗುವುದು 6.1 ಸೆಂ.ಮೀ. ಮಾತ್ರ.

ವಯಸ್ಸಿನ ಹಂಚಿಕೆ

ಕೋಷ್ಟಕ ನೋಡಿದರೆ ಮೂರು ವರ್ಷದವು ಗುಡ್ಡೆ ಬಿದ್ದಿವೆ, ಎರಡು ವರ್ಷದ ಜಾಗದಲ್ಲಿ ಹಳ್ಳ. ಹೊಳೆ ಮೀನಿನ ವರದಿಯಾಗಿದ್ದರೆ "ಆ ವರ್ಷ ಮರಿ ಸರಿಯಾಗಿ ಹುಟ್ಟಲಿಲ್ಲ" ಎಂದು ಬರೆಯಬಹುದಿತ್ತು. ಇಲ್ಲಿ ಹಾಗಲ್ಲ. ರೋಹು ಹರಿಯುವ ನೀರಿನಲ್ಲಿ ಮೊಟ್ಟೆ ಇಡುವ ಮೀನು, ಇಂಥ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಇಲ್ಲಿರುವ ಪ್ರತಿ ರೋಹುವೂ ಸಂಘದವರು ಡಬ್ಬಿಯಲ್ಲಿ ತಂದು ಬಿಟ್ಟದ್ದೇ. ಆದ್ದರಿಂದ ಕೋಷ್ಟಕವನ್ನು ಸಂಘದ ಬಿತ್ತನೆ ಪುಸ್ತಕದ ಪಕ್ಕದಲ್ಲೇ ಇಟ್ಟು ಓದಬೇಕು.

ಪುಸ್ತಕದ ಪ್ರಕಾರ 2020ರಲ್ಲಿ 48 ಸಾವಿರ, 2021ರಲ್ಲಿ 50 ಸಾವಿರ, 2022ರಲ್ಲಿ 55 ಸಾವಿರ ರೋಹು ಮರಿ ಬಿಟ್ಟಿದ್ದಾರೆ. 2023ರಲ್ಲಿ ರಾಜ್ಯದ ಬಹುತೇಕ ತಾಲೂಕುಗಳಲ್ಲಿ ಬರ ಇತ್ತು, ಈ ಕೆರೆಗೂ ನೀರು ತಡವಾಗಿ ಬಂತು. ಆ ವರ್ಷ ಬಿಟ್ಟದ್ದು 18 ಸಾವಿರ. ಹಳ್ಳಕ್ಕೆ ಮುಖ್ಯ ಕಾರಣ ಅದು. ಪೂರ್ತಿ ಕಾರಣ ಅಲ್ಲ. ಸಾವಿರ ಮರಿಗೆ ಲೆಕ್ಕ ಹಾಕಿದರೂ ಎರಡು ವರ್ಷದವು 1.17 ಸಿಕ್ಕಿವೆ, ಮೂರು ವರ್ಷದವು 1.67. ಚಿಕ್ಕವೇ ಜಾಸ್ತಿ ಇರಬೇಕಿತ್ತು, ಅಲ್ವಾ? 150 ಮಿ.ಮೀ. ಕಣ್ಣಿಗೆ ಎರಡು ವರ್ಷದ ಮೀನು ಇನ್ನೂ ಸರಿಯಾಗಿ ಸಿಗುವುದಿಲ್ಲ ಎಂಬುದು ನಮ್ಮ ಅಂದಾಜು.

ಹಾಗಾಗಿ ಸಾವಿನ ಪ್ರಮಾಣವನ್ನು ಮೂರರಿಂದ ಐದು ವರ್ಷದವರೆಗೆ ಮಾತ್ರ, ಬಿತ್ತನೆಗೆ ಸರಿದೂಗಿಸಿ ಲೆಕ್ಕ ಹಾಕಿದೆವು. ಒಟ್ಟು ಸಾವಿನ ದರ `Z` ವರ್ಷಕ್ಕೆ 0.87. ಅಂದರೆ ನೂರು ಮೀನಿನಲ್ಲಿ ವರ್ಷದ ಕೊನೆಗೆ ಉಳಿಯುವುದು 42. ಹಿಡಿದದ್ದು, ತಾನಾಗಿ ಸತ್ತದ್ದು ಎರಡೂ ಇದರಲ್ಲಿವೆ. ಮೂರೇ ಬಿಂದುಗಳ ಲೆಕ್ಕ ಇದು, ಮೀನು ಹಿಡಿಯುವ ಗುತ್ತಿಗೆ ನಿರ್ಧರಿಸಲು ಇದೊಂದನ್ನೇ ಹಿಡಿದುಕೊಳ್ಳಬೇಡಿ.

ಸಂಘಕ್ಕೆ ಸೂಚನೆ

ಕಿಲೋ ಮೀನು ಈ ವರ್ಷ ಕಮ್ಮಿ ಆಗಲು ಅತಿಯಾದ ಹಿಡಿತವೇ ಕಾರಣ ಎಂದು ಈ ಮಾದರಿ ಹೇಳುವುದಿಲ್ಲ. ಈ ವರ್ಷ ಹೊಸದಾಗಿ ಆ ಅಳತೆಗೆ ಬರುವುದು 2023ರ ಮೀನು, ಅದು ಬಿತ್ತಿದ್ದೇ ಕಮ್ಮಿ. ಮುಂದಿನ ವರ್ಷ ದೊಡ್ಡ ಮೀನಿನ ಸಾಲಿನಲ್ಲೂ ಇದೇ ಕೊರತೆ ಕಾಣಿಸುತ್ತದೆ, ಆಗ ಗಾಬರಿ ಬೇಡ. 2024ರ ಮರಿಗಳು ಎರಡು ವರ್ಷ ದಾಟುವವರೆಗೆ 100 ಮಿ.ಮೀ. ಕಣ್ಣಿನ ಬಲೆ ಬಿಡುವುದನ್ನು ನಿಲ್ಲಿಸಿ. ಇನ್ನು ಮುಂದೆ ಬಿತ್ತನೆ ಪುಸ್ತಕದಲ್ಲಿ ಮರಿಗಳ ಸಂಖ್ಯೆ ಜತೆಗೆ ಬಿಟ್ಟ ದಿನ, ಹತ್ತು ಮರಿಗಳ ಉದ್ದವನ್ನೂ ಬರೆದಿಡಿ. 2026ರ ಜೂನ್‌ನಲ್ಲಿ ಎಳೆಬಲೆ ಮೀನು ಕನಿಷ್ಠ 60 ಬೇಕು, ಐದು ವರ್ಷ ದಾಟಿದವು ಎಷ್ಟು ಸಿಕ್ಕರೂ ಮಾರುವ ಮೊದಲು ಹುರುಪೆ ತೆಗೆದು ಲಕೋಟೆಯಲ್ಲಿಡಿ.