ನೀರು ಬಿಡುವ ಸಮಯ ಬದಲಾಗಿದೆ: ಎಲ್ಲ ಮನೆಯವರ ಗಮನಕ್ಕೆ

ಬನಶಂಕರಿ 6ನೇ ಹಂತ, ಬೆಂಗಳೂರು
7 ಮಾರ್ಚ್ 2026, ಶನಿವಾರ

ಎಲ್ಲರಿಗೂ ನಮಸ್ಕಾರ.

ಲಿಫ್ಟ್ ಪಕ್ಕದಲ್ಲಿ ಹಚ್ಚಿದ್ದ ಇಂಗ್ಲಿಷ್ ನೋಟಿಸಿನ ಫೋಟೋ ನಿನ್ನೆಯಿಂದ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿದೆ. ಅದನ್ನು ಓದಲಾಗದೆ ಹಲವು ಹಿರಿಯರು, ಮನೆಕೆಲಸದ ಅಕ್ಕಂದಿರು ಗೇಟಿಗೆ ಬಂದು ಕೇಳಿದರು. ಮೊದಲೇ ಕನ್ನಡದಲ್ಲಿ ಹಾಕಬೇಕಿತ್ತು. ತಪ್ಪು ನಮ್ಮದೇ, ಕ್ಷಮಿಸಿ. ಅದೇ ವಿಷಯವನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ.

ಮಾರ್ಚ್ 9, ಸೋಮವಾರದಿಂದ 28, ಶನಿವಾರದವರೆಗೆ ದಿನಕ್ಕೆ ಎರಡು ಹೊತ್ತು ಮಾತ್ರ ನೀರು ಬರುತ್ತದೆ.

ಬೆಳಗ್ಗೆ 5.30ರಿಂದ 8.30
ಸಂಜೆ 6ರಿಂದ 8.30

ಮಾರ್ಚ್ 11, ಬುಧವಾರ ಸಂಪು ಮತ್ತು ಮೇಲಿನ ಟ್ಯಾಂಕ್ ತೊಳೆಸುತ್ತೇವೆ. ಅವತ್ತು ಬೆಳಗ್ಗೆ 8.30ಕ್ಕೆ ನಿಂತ ನೀರು ಸಂಜೆ 6ರವರೆಗೆ ಯಾವ ಕಾರಣಕ್ಕೂ ಬರುವುದಿಲ್ಲ. ಕುಡಿಯಲು, ಅಡುಗೆಗೆ ಬೇಕಾದಷ್ಟನ್ನು ಬೆಳಗ್ಗೆಯೇ ಹಿಡಿದಿಟ್ಟುಕೊಳ್ಳಿ. ಸಂಜೆ ಮೊದಲು ಬರುವ ನೀರಿಗೆ ಬ್ಲೀಚಿಂಗ್ ಪೌಡರ್ ವಾಸನೆ ಇರಬಹುದು. ಅದನ್ನು ಬಕೆಟಿಗೆ ಹಿಡಿದು ಟಾಯ್ಲೆಟ್‌ಗೆ ಬಳಸಿ, ಚೆಲ್ಲಬೇಡಿ.

ಮಾರ್ಚ್ 19, ಗುರುವಾರ ಯುಗಾದಿ. ಎಣ್ಣೆ ಸ್ನಾನಕ್ಕೆ ಯಾರಿಗೂ ತೊಂದರೆ ಆಗಬಾರದು. ಅವತ್ತು ಬೆಳಗಿನ ಜಾವ 4ರಿಂದ ಮಧ್ಯಾಹ್ನ 12ರವರೆಗೆ ಬಿಡದೆ ನೀರು ಕೊಡುತ್ತೇವೆ. ಅದಕ್ಕಾಗಿ ಒಂದು ಟ್ಯಾಂಕರ್ ಜಾಸ್ತಿ ಹೇಳಿಟ್ಟಿದ್ದೇವೆ.

ಯಾಕೆ ಹೀಗಾಯಿತು ಅಂತ ಎಲ್ಲರೂ ಕೇಳುತ್ತಿದ್ದೀರಿ. ನಮ್ಮ ಎರಡು ಬೋರ್‌ವೆಲ್‌ಗಳಲ್ಲಿ ಹಿಂಬದಿಯದರಲ್ಲಿ ನೀರು ಕೆಳಗೆ ಇಳಿದಿದೆ. ಮೋಟಾರ್ ಮೇಲೆತ್ತಿ, ಇನ್ನಷ್ಟು ಪೈಪ್ ಜೋಡಿಸಿ, ಮತ್ತೆ ಆಳಕ್ಕೆ ಇಳಿಸಬೇಕು. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿದರೆ, ಮನೆಗೆ ನಾಲ್ಕು ಜನರಂತೆ ನಮ್ಮ 48 ಮನೆಗೆ ಸುಮಾರು 26,000 ಲೀಟರ್ ಬೇಕು. ಈಗ ಕಾವೇರಿ ನೀರು ಮತ್ತು ಉಳಿದ ಒಂದು ಬೋರ್‌ವೆಲ್ ಸೇರಿ 15,000 ಲೀಟರ್ ಸಿಗುತ್ತಿದೆ. ದಿನಾ 6,000 ಲೀಟರಿನ ಒಂದು ಟ್ಯಾಂಕರ್ ತರಿಸುತ್ತೇವೆ. ಆದರೂ 5,000 ಲೀಟರ್ ಕಡಿಮೆಯೇ. ಅಷ್ಟನ್ನು ನಾವೆಲ್ಲ ಸೇರಿ ಉಳಿಸಬೇಕು. ಟ್ಯಾಂಕರ್ ಬಿಲ್‌ಗಳನ್ನು ಪ್ರತಿ ಶನಿವಾರ ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ, ಯಾರು ಬೇಕಾದರೂ ನೋಡಬಹುದು.

ಒಂದು ಮಾತನ್ನು ದಯವಿಟ್ಟು ಮನಸ್ಸಿಟ್ಟು ಓದಿ. ನೀರು ಬಂದ ಕೂಡಲೇ ದೊಡ್ಡ ಡ್ರಮ್‌ಗಳನ್ನು ತುಂಬಿಸಬೇಡಿ. ಕಳೆದ ವಾರ ಎರಡು ದಿನ ಹೀಗೇ ಆಯಿತು. ಮೇಲಿನ ಟ್ಯಾಂಕ್ ಹಿಡಿಯುವುದೇ 10,000 ಲೀಟರ್. 48 ಮನೆಯವರೂ 200 ಲೀಟರಿನ ಡ್ರಮ್ ಒಂದೊಂದು ತುಂಬಿದರೆ 9,600 ಲೀಟರ್ ಅಲ್ಲಿಗೇ ಮುಗಿಯಿತು. ಆಮೇಲೆ ಸ್ನಾನಕ್ಕೆ ಎಲ್ಲಿಂದ ಬರಬೇಕು? ಕೆಳಗಿನ ಮನೆಗಳಲ್ಲಿ ನೀರು ರಭಸವಾಗಿ ಬೀಳುತ್ತದೆ, ಟ್ಯಾಂಕಿನ ಹತ್ತಿರವೇ ಇರುವ ನಾಲ್ಕನೇ ಮಹಡಿಯಲ್ಲಿ ಸಣ್ಣಗೆ ತೊಟ್ಟಿಕ್ಕುತ್ತದೆ. ಪರೀಕ್ಷೆಗೆ ಹೊರಟ ಮಗು ಅಲ್ಲಿ ಮುಖ ತೊಳೆಯಲೂ ನೀರಿಲ್ಲದೆ ಹೋಗಬೇಕಾಯಿತು. ಬೇಸರದ ಸಂಗತಿ ಅಲ್ವಾ? ಒಂದು ಹೊತ್ತಿಗೆ ಎರಡು ಬಕೆಟ್, ಎರಡು ಕೊಡ ಹಿಡಿದಿಟ್ಟರೆ ಸಾಕು. ಮುಂದಿನ ಹೊತ್ತಿಗೆ ಮತ್ತೆ ನೀರು ಬಂದೇ ಬರುತ್ತದೆ.

ಹಿಡಿದಿಟ್ಟ ನೀರಿಗೆ ಮುಚ್ಚಳ ಇರಲೇಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ವಾರಕ್ಕೊಮ್ಮೆ ಪಾತ್ರೆಗಳನ್ನು ಖಾಲಿ ಮಾಡಿ, ಒಳಗೆ ಚೆನ್ನಾಗಿ ಉಜ್ಜಿ, ಒಣಗಿಸಿ.

ನೀರು ಬರದಿದ್ದಾಗ ನಲ್ಲಿ ತಿರುಗಿಸಿ ನೋಡಿ ಹಾಗೇ ಬಿಟ್ಟುಬಿಡುವುದು ಎಲ್ಲರಿಗೂ ಆಗುವ ಮರೆವು. ಬೆಳಗ್ಗೆ 5.30ಕ್ಕೆ ಮನೆಯವರು ಮಲಗಿರುವಾಗ ನೀರು ಸುಮ್ನೆ ಹರಿದು ಹೋಗುತ್ತದೆ. ರಾತ್ರಿ ಮಲಗುವ ಮುಂಚೆ, ಬೀಗ ಹಾಕಿ ಹೊರಡುವ ಮುಂಚೆ ಎಲ್ಲ ನಲ್ಲಿ ನೋಡಿಕೊಳ್ಳಿ. ನೀರಿಲ್ಲದ ಹೊತ್ತಿನಲ್ಲಿ ಗೀಸರ್, ವಾಷಿಂಗ್ ಮೆಷಿನ್ ಹಾಕಬೇಡಿ. ಆರ್‌ಓ ಫಿಲ್ಟರ್‌ನಿಂದ ಹೊರಗೆ ಹೋಗುವ ನೀರನ್ನು ಬಕೆಟಿಗೆ ಬಿಟ್ಟುಕೊಂಡರೆ ನೆಲ ಒರೆಸಲು ಆಗುತ್ತದೆ. ಬಟ್ಟೆ ಜಾಲಾಡಿಸಿದ ನೀರು ಟಾಯ್ಲೆಟ್‌ಗೆ ಆಗುತ್ತದೆ.

28ರವರೆಗೆ ಪೈಪ್ ಹಿಡಿದು ಕಾರು, ಸ್ಕೂಟರ್ ತೊಳೆಯುವಂತಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿರಬಹುದು. ಇಲ್ಲಿ ನಾವು ದಂಡ ಹಾಕುತ್ತಿಲ್ಲ, ಕೇಳಿಕೊಳ್ಳುತ್ತಿದ್ದೇವೆ.

ಬಾಣಂತಿ, ಹಸುಗೂಸು, ಹಾಸಿಗೆ ಹಿಡಿದವರು ಇರುವ ಮನೆಗಳು ಸಂಕೋಚ ಪಡದೆ ಗೇಟಿನ ಇಂಟರ್‌ಕಾಮ್ 9ಕ್ಕೆ ಹೇಳಿ. ಹಗಲು ಯಾವ ಹೊತ್ತಿನಲ್ಲಿ ಬೇಕಾದರೂ ನಾಲ್ಕು ಕೊಡ ನೀರನ್ನು ಮನೆ ಬಾಗಿಲಿಗೆ ತಲುಪಿಸುತ್ತೇವೆ. ಎಲ್ಲಾದರೂ ಪೈಪ್ ಸೋರುತ್ತಿದ್ದರೆ, ಟ್ಯಾಂಕ್ ತುಂಬಿ ಹರಿಯುತ್ತಿದ್ದರೆ ಅದೇ ನಂಬರಿಗೆ ತಿಳಿಸಿ. ಬೋರ್‌ವೆಲ್ ಕೆಲಸ ಬೇಗ ಮುಗಿದರೆ ಅವತ್ತೇ ಹೊಸ ನೋಟಿಸ್ ಹಾಕುತ್ತೇವೆ, ಕನ್ನಡದಲ್ಲೂ.

ಕಾರ್ಯದರ್ಶಿ
ನಿವಾಸಿಗಳ ಸಂಘ