ಜೂನ್ 13ರ ಮಧ್ಯರಾತ್ರಿ

ಅವತ್ತು ಸಾಯಂಕಾಲ ಗಣೇಶನ್ನ ಬಿಟ್ವಿ. 2022 ಸೆಪ್ಟೆಂಬರ್ 4, ಭಾನುವಾರ, ಐದನೇ ದಿನ. ಕೆರೆ ಕಡೆ ಹೋಗೋದು ಬೇಡ ಅಂತ ಅಮ್ಮ ಹೇಳಿದ್ದಕ್ಕೆ ಹಿತ್ತಲಲ್ಲೇ ನೀಲಿ ಬಕೆಟ್ ಇಟ್ಟು ಮಗಳ ಕೈಲೇ ಮುಳುಗಿಸಿದ್ದು, ಮಣ್ಣು ಕರಗಿದ ಮೇಲೆ ತೆಂಗಿನ ಮರದ ಬುಡಕ್ಕೆ ಹಾಕೋಣ ಅಂತ. ಬೆಂಗಳೂರಿನ ಯಮಲೂರಲ್ಲಿ ನಮ್ಮ ಬೀದಿ ಸ್ವಲ್ಪ ತಗ್ಗು. ಹಿಂದಿನ ಮಂಗಳವಾರ, ಆಗಸ್ಟ್ 30ರ ಮಳೆಗೇ ರೋಡಲ್ಲಿ ಮೊಣಕಾಲುದ್ದ ನೀರು ನಿಂತು ಗೇಟಿನ ರ‍್ಯಾಂಪ್ ತನಕ ಬಂದು ವಾಪಸ್ ಹೋಗಿತ್ತು.

ಆ ಗುರುತು ಇನ್ನೂ ಕಾಂಪೌಂಡ್ ಗೋಡೆ ಮೇಲಿತ್ತು. ಸುಧಾ ಅದನ್ನೇ ನೋಡ್ತಾ, "ರೀ, ಮಾವ ಮನೆಗೆ ಇನ್ಶೂರೆನ್ಸ್ ಮಾಡ್ಸಿದ್ರಲ್ಲ, ಅದು ಇದ್ಯಾ?" ಅಂದ್ಲು.

ಇದೆ ಅಂದೆ. ಇದ್ದೇ ಇರುತ್ತೆ ಅನ್ನೋ ಹಾಗೆ ಅಂದೆ.

ಯಾಕಂದ್ರೆ ಮನೆ ವಿಷ್ಯ ಎಲ್ಲಾ ಅಪ್ಪಂದೇ. ಸಾಲ ತೀರೋ ತನಕ ಬ್ಯಾಂಕಿನವರೇ ಸಾಲದ ಜೊತೆ ಪಾಲಿಸಿ ಕಟ್ಟಿಸ್ಕೊಂಡಿದ್ರು, 2021ರಲ್ಲಿ ಕೊನೇ ಕಂತು ಕಟ್ಟಿ ಪತ್ರ ಬಿಡಿಸ್ಕೊಂಡ್ ಬಂದಾಗ ಅದೂ ಮುಗೀತು ಅಂತ ಗೊತ್ತಾಗಿ ಅಪ್ಪ ತಾನೇ ಹುಡುಕಿ ಭಾರತ್ ಗೃಹ ರಕ್ಷಾ ಅನ್ನೋ ಪಾಲಿಸಿ ತಗೊಂಡಿದ್ರು, ಅದು ಆ ವರ್ಷ ಏಪ್ರಿಲ್‌ನಲ್ಲಿ ಹೊಸದಾಗಿ ಬಂದಿತ್ತು. ಕಟ್ಟಡಕ್ಕೆ 32 ಲಕ್ಷ, ಅದರ ಶೇಕಡ 20ರಷ್ಟು ಮನೆ ಸಾಮಾನಿಗೆ ತಾನಾಗೇ ಸೇರ್ಕೊಳುತ್ತೆ ಅಂತ ಊಟಕ್ಕೆ ಕೂತಾಗ ಬೆರಳಲ್ಲಿ ಲೆಕ್ಕ ಹಾಕಿ ಹೇಳಿದ್ರು, 6 ಲಕ್ಷದ 40 ಸಾವಿರ ಕಣೋ, ಪ್ರವಾಹಕ್ಕೂ ಬರುತ್ತೆ. ನಾನು ಮೊಬೈಲ್ ನೋಡ್ತಾ ಹ್ಞೂಂ ಅಂದಿದ್ದೆ. ಫೆಬ್ರವರಿಲಿ ಅಪ್ಪ ಹೋದ್ರು.

ಬೀರು ತೆಗೆದು ಫೈಲ್ ಹುಡುಕಿದೆ. ಹಸಿರು ಫೈಲು, ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ "ಮನೆ" ಅಂತ ಒಂದೇ ಪದ. ತೆರಿಗೆ ರಸೀದಿ, ಖಾತಾ, ಬೋರ್‌ವೆಲ್ ತೋಡಿಸಿದ ಬಿಲ್ಲು, ಅದರ ಕೆಳಗೆ ಪಾಲಿಸಿ. ಪಾಲಿಸಿ ಅವಧಿ 2021 ಜೂನ್ 14ರಿಂದ 2022 ಜೂನ್ 13ರ ಮಧ್ಯರಾತ್ರಿವರೆಗೆ. ಎರಡು ಸಲ ಓದಿದೆ. ತಿಂಗಳು ಎಣಿಸಿದೆ. ಹೆಚ್ಚೂ ಕಮ್ಮಿ ಮೂರು ತಿಂಗಳಾಗಿತ್ತು ನಮ್ಮ ಮನೆಗೆ ಏನೂ ಇಲ್ದೆ.

"ಮೆಸೇಜ್ ಏನೂ ಬಂದಿಲ್ವಾ?" ಅಂದ್ಲು ಸುಧಾ.

ಬಂದಿದ್ರೆ ಎಲ್ಲಿಗೆ ಬರ್ಬೇಕು? ಅಮ್ಮನ ಮಂಚದ ತಲೆದೆಸೆಲಿ ಅಪ್ಪನ ಫೋನು ಏಪ್ರಿಲ್‌ನಿಂದ ಆಫ್ ಆಗಿ ಬಿದ್ದಿತ್ತು. ಚಾರ್ಜಿಗೆ ಹಾಕಿ ಆನ್ ಮಾಡಿದೆ, ಸಿಮ್ ಸತ್ತಿತ್ತು, ಆದ್ರೆ ವೈಫೈ ಹಿಡೀತು. ಸ್ಕ್ರೀನ್ ಮೇಲೆ ಮಗಳು ಮುಂದಿನ ಎರಡು ಹಲ್ಲು ಬಿದ್ದಿದ್ದಾಗ ನಕ್ಕಿರೋ ಫೋಟೋ. ಅಮ್ಮ ಬಾಗಿಲಲ್ಲಿ ನಿಂತು ನೋಡ್ತಿದ್ರು, ಏನೂ ಮಾತಾಡ್ಲಿಲ್ಲ. ಮೇಲ್‌ಗಳು ಒಂದರ ಮೇಲೊಂದು ಸುರೀತಾ ಬಂದ್ವು. ಮೇ 14, ಮೇ 30, ಜೂನ್ 12. "ಆತ್ಮೀಯ ಗ್ರಾಹಕರೇ, ನಿಮ್ಮ ಪಾಲಿಸಿ ನಾಳೆ ಮುಗಿಯುತ್ತದೆ." ಅದಾದ್ಮೇಲೆ ಒಂದು, ಮುಗಿದಿದೆ ಅಂತ. ಅಪ್ಪ ಬದುಕಿದ್ದಿದ್ರೆ ಮೇ 14ಕ್ಕೇ ಕಟ್ಟಿ ಪ್ರಿಂಟ್ ತೆಗೆದು ಫೈಲಿಗೆ ಸೇರಿಸ್ತಿದ್ರು. ಕಳೆದ ವರ್ಷ ಕಟ್ಟಿದ್ದ ದುಡ್ಡು ಎರಡು ಸಾವಿರವೂ ಇರ್ಲಿಲ್ಲ.

ಕಾರಿನ ಪಾಲಿಸಿ ಮಾತ್ರ ಒಂದಿನವೂ ತಪ್ಪಿಸಿರ್ಲಿಲ್ಲ ನಾನು. ಪೊಲೀಸ್ ಹಿಡಿದ್ರೆ ದಂಡ ಅಂತ ಭಯ. ಮನೆನ ಯಾರು ನಿಲ್ಲಿಸಿ ಕೇಳ್ತಾರೆ.

ನಾಳೆ ಬೆಳಿಗ್ಗೆ ಮೊದಲ ಕೆಲಸ ಇದೇ ಅಂತ ಫೈಲ್ ಎತ್ತಿಟ್ಟು ಊಟಕ್ಕೆ ಕೂತ್ವಿ. ಉಳಿದ ಕಡುಬು ಬಿಸಿ ಮಾಡಿದ್ರು ಅಮ್ಮ. ಊಟ ಮುಗಿಯೋ ಹೊತ್ತಿಗೆ ಮಳೆ ಶುರುವಾಯ್ತು. ಮೊದ್ಲು ಎಲ್ಲ ಮಳೆ ಥರಾನೇ, ಹತ್ತು ನಿಮಿಷ ಆದ್ಮೇಲೆ ಶಬ್ದ ಬದಲಾಯ್ತು, ಶೀಟ್ ಮೇಲೆ ಜಲ್ಲಿ ಸುರಿದ ಹಾಗೆ, ಎದುರು ಮನೆ ಲೈಟು ಕಾಣಿಸ್ತಿಲ್ಲ. ಹತ್ತು ಗಂಟೆಗೆ ಕರೆಂಟ್ ಹೋಯ್ತು. ಬಟ್ಟೆ ಒಣಗೋಕೆ ಹಾಕಿದ್ದೀನಿ ಅಂತ ಮೇಲೆ ಓಡಿದ ಸುಧಾ ಟೆರೇಸಿಂದ ಬೀದಿ ನೋಡಿ ಇಳಿದು ಬಂದು, "ನಾಳೆ ಅನ್ಬೇಡಿ, ಈಗ್ಲೇ ಮಾಡಿ" ಅಂದ್ಲು.

ಮೊಬೈಲ್ ಡೇಟಾ ಒಂದು ಕಡ್ಡಿ ಇತ್ತು. ಹಳೇ ಪಾಲಿಸಿ ನಂಬರ್ ಹಾಕಿದ್ರೆ ರಿನೀವ್ ಆಗಲ್ಲ, ಹೊಸದು ತಗೊಳಿ ಅಂತು. ಹೊಸದೇ ಸರಿ ಅಂತ ತುಂಬೋಕೆ ಕೂತೆ, ಮನೆ ಎಷ್ಟು ಚದರಡಿ, ಯಾವ ವರ್ಷ ಕಟ್ಟಿದ್ದು, ಗೋಡೆ ಇಟ್ಟಿಗೆದಾ, ಒಂದೊಂದು ಪುಟ ತೆರೆಯೋಕೂ ಎರಡೆರಡು ನಿಮಿಷ. ಸುಧಾ ಟಾರ್ಚ್ ಹಿಡ್ಕೊಂಡು ಹಸಿರು ಫೈಲಿಂದ ಓದಿ ಓದಿ ಹೇಳ್ತಿದ್ಲು. ಪಾಲಿಸಿ ಯಾವಾಗಿಂದ ಜಾರಿ ಅನ್ನೋ ಕಡೆ ತಾನೇ ತುಂಬ್ಕೊಂಡಿತ್ತು, ಸೆಪ್ಟೆಂಬರ್ 5, 00:00. ಗಡಿಯಾರದಲ್ಲಿ 11:05. ಇನ್ನು ಐವತ್ತೈದು ನಿಮಿಷ.

ಆಗ ಬಚ್ಚಲಿಂದ ಶಬ್ದ ಬಂತು.

ಗುಳು ಗುಳು ಅಂತ, ಯಾರೋ ಒಳಗಿಂದ ಬಾಯಿ ಮುಕ್ಕಳಿಸಿದ ಹಾಗೆ. ಟಾರ್ಚ್ ಹಾಕಿ ನೋಡಿದ್ರೆ ನೆಲದ ಜಾಲರಿಯಿಂದ ಕಪ್ಪು ನೀರು ಗುಳ್ಳೆ ಬರ್ತಾ ಮೇಲೇಳ್ತಿದೆ, ಅದಕ್ಕೂ ಮುಂಚೆ ಜಿರಳೆಗಳು, ಹತ್ತಲ್ಲ ಇಪ್ಪತ್ತಲ್ಲ, ಗೋಡೆ ಹತ್ತಿ ಓಡ್ತಿದಾವೆ. ನಾವೆಲ್ಲಾ ಮುಂಬಾಗಿಲಿಗೆ ಗೋಣಿಚೀಲ ಒತ್ತಿ ಕಾಯ್ತಿದ್ರೆ ನೀರು ಮನೆ ಒಳಗಿಂದಾನೇ ಹುಟ್ಟಿ ಬಂತು. ಅಮ್ಮ ಹಳೇ ಸೀರೆ ತುರುಕಿದ್ರು ಜಾಲರಿಗೆ, ಮೇಲೆ ರುಬ್ಬೋ ಗುಂಡು ಇಟ್ರು. ಐದು ನಿಮಿಷ ತಡೀತು ಅಷ್ಟೇ. ಅಷ್ಟರಲ್ಲಿ ಮುಂದೆಯೂ ಪೋರ್ಟಿಕೋ ದಾಟಿ ಹೊಸ್ತಿಲ ಹತ್ರ ಬಂದಿತ್ತು, ಅದರ ಮೇಲೆ ನಮ್ಮ ನೀಲಿ ಬಕೆಟ್ ತೇಲ್ತಾ ಇತ್ತು.

ನಾನು ಫೋನ್ ಬಿಟ್ಟಿರ್ಲಿಲ್ಲ. ಕೊನೇ ಪುಟ. ಪ್ರಶ್ನೆ ಹೀಗಿತ್ತು, ಈ ಕಟ್ಟಡಕ್ಕೆ ಸದ್ಯ ಯಾವುದಾದರೂ ಹಾನಿ ಆಗಿದೆಯೇ ಅಥವಾ ಆಗುತ್ತಿದೆಯೇ? ಹೌದು, ಇಲ್ಲ. ಹೌದು ಒತ್ತಿದ್ರೆ ಮುಂದಕ್ಕೆ ಹೋಗ್ತಿರ್ಲಿಲ್ಲ, ನಮ್ಮ ಪ್ರತಿನಿಧಿ ಸಂಪರ್ಕಿಸ್ತಾರೆ ಅಂತ ಬರ್ತಿತ್ತು. ಇಲ್ಲ ಅಂದ್ರೆ ದುಡ್ಡು ಕಟ್ಟೋ ಪುಟ.

ಇಲ್ಲ ಅಂತ ಒತ್ತಿದೆ. ನಿಜವಾಗ್ಲೂ ಒತ್ತಿದೆ. ನೀರು ಹಾಲಿಗೆ ಇನ್ನೂ ಬಂದಿಲ್ಲ, ಮಧ್ಯರಾತ್ರಿ ಮೇಲೆ ಬಂತು ಅಂದ್ರೆ ಯಾರಿಗ್ ಗೊತ್ತಾಗುತ್ತೆ ಅಂತ ಮನಸ್ಸಲ್ಲಿ ಲೆಕ್ಕ ಹಾಕಿ ಆಗಿತ್ತು. ಒಟಿಪಿ ಬಂತು. ಸುಧಾ ನನ್ನ ಮುಖ ನೋಡಿದ್ಲು, ಅವಳಿಗೂ ಆಸೆ ಇತ್ತು, ಸುಳ್ಳು ಹೇಳಲ್ಲ ನಾನು.

"ಏನೋ ಅದು ಕೇಳ್ತಿರೋದು?" ಅಂದ್ರು ಅಮ್ಮ. ಓದಿ ಹೇಳಿದೆ. ಪಾದ ಮುಳುಗೋ ನೀರಲ್ಲಿ ಸೀರೆ ಎತ್ತಿ ಕಟ್ಕೊಂಡು ನಿಂತಿದ್ರು. "ನೀನೇನ್ ಬರ್ದೆ?"

"ಇಲ್ಲ ಅಂತ."

"ನೀರಲ್ಲೇ ನಿಂತ್ಕೊಂಡ್ ಇಲ್ಲ ಅಂತ ಬರೀತಿದೀಯಲ್ಲೋ." ಬೈದಿದ್ದಲ್ಲ, ಮೆಲ್ಲಗೇ ಅಂದಿದ್ದು. "ನಿಮ್ಮಪ್ಪನ ಫೈಲಿಗೆ ಅದನ್ನ ಸೇರಿಸ್ಬೇಡ. ಬಾ, ಮಷಿನ್ ಎತ್ತೋಣ."

ಫೋನ್ ಜೇಬಿಗೆ ಹಾಕ್ದೆ. ಆಮೇಲೆ ಯೋಚನೆ ಮಾಡೋಕೆ ಟೈಮೇ ಇರ್ಲಿಲ್ಲ.

ಮೇಲಿನ ಬಾಡಿಗೆ ಮನೇಲಿ ಕಲಬುರಗಿ ಹುಡುಗರಿಬ್ರು, ಅವರೇ ಇಳಿದು ಬಂದ್ರು. "ಅಣ್ಣಾರ, ಮೊದ್ಲ ಮೇನ್ ಸ್ವಿಚ್ ಬಂದ್ ಮಾಡ್ರಿ, ಕರೆಂಟ್ ವಾಪಸ್ ಬಂದ್ರ ಕಷ್ಟ ಐತಿ" ಅಂದ, ನನಗೆ ಹೊಳೆದೇ ಇರ್ಲಿಲ್ಲ ಅದು. ಹೊಲಿಗೆ ಮಷಿನ್ ಮೇಲೆ ಹೋಯ್ತು, ಗ್ಯಾಸ್ ಸಿಲಿಂಡರ್, ಮಗಳ ಪುಸ್ತಕ, ಅಕ್ಕಿ ಡಬ್ಬ, ದೇವರ ಫೋಟೋ, ಹಸಿರು ಫೈಲು. ಫ್ರಿಜ್ ಊಟದ ಮೇಜಿನ ಮೇಲಿಡೋಕೆ ನಾಲ್ಕು ಜನ ಎತ್ತಿದ್ವಿ, ಮೇಜಿನ ಕಾಲು ಲಟಕ್ ಅಂತು, ಫ್ರಿಜ್ ಮಗ್ಗುಲಾಗಿ ನೀರಿಗೆ ಬಿತ್ತು. ವಾಷಿಂಗ್ ಮಷಿನ್ ಹತ್ರ ಹೋಗೋಕೇ ಆಗ್ಲಿಲ್ಲ. ಒಂದು ಗಂಟೆ ಹೊತ್ತಿಗೆ ಸೊಂಟದ ತನಕ. ಮೆಟ್ಟಿಲಲ್ಲಿ ಕೂತು ನೋಡಿದ್ವಿ, ಅಪ್ಪ ಮಲಗ್ತಿದ್ದ ದಿವಾನ ನಿಧಾನವಾಗಿ ತಿರುಗ್ತಾ ತೇಲಿ ಹೋಗಿ ಅಡುಗೆಮನೆ ಬಾಗಿಲಿಗೆ ಅಡ್ಡ ಸಿಕ್ಕಾಕ್ಕೊಂಡಿತು.

ಬೆಳಿಗ್ಗೆ ಸುದ್ದಿಲಿ ಸಿಟಿಲಿ 131.6 ಮಿಲಿಮೀಟರ್ ಅಂದ್ರು. ಬೀದಿಲಿ ಟ್ರ್ಯಾಕ್ಟರ್ ಬಂತು, ದೊಡ್ಡ ದೊಡ್ಡ ವಿಲ್ಲಾದವರೂ ನಮ್ಮ ಥರದವರೂ ಒಂದೇ ಟ್ರೈಲರಲ್ಲಿ ನಿಂತು ಹೋದ್ರು. ಅಮ್ಮ ಬರಲ್ಲ ಅಂದ್ರು, ಎರಡು ರಾತ್ರಿ ಹುಡುಗರ ರೂಮಲ್ಲೇ ಕಳೆದ್ವಿ. ಅತ್ತ ಮಳವಳ್ಳಿ ಹತ್ರ ಟಿ.ಕೆ. ಹಳ್ಳಿ ಪಂಪ್‌ಹೌಸಿಗೇ ನೀರು ನುಗ್ಗಿ ಕಾವೇರಿ ನೀರು ನಿಂತೋಯ್ತು, ಮನೆ ತುಂಬ ನೀರು, ಕುಡಿಯೋಕೆ ಹನಿ ಇಲ್ಲ. ಆ ಹುಡುಗರು ಎಲ್ಲಿಂದಲೋ ಕ್ಯಾನ್ ಹೊತ್ಕೊಂಡು ಬಂದ್ರು, ಅವರ ಹೆಗಲ ಮೇಲೆ ಕ್ಯಾನಿನ ಅಂಚು ಕೆಂಪಗೆ ಮೂಡಿತ್ತು, ಅದನ್ನ ಮರೆಯೋಕಾಗಲ್ಲ ನಂಗೆ.

ನೀರು ಇಳಿದ ಮೇಲೆ ಕೆಸರು ಬಳಿಯೋಕೆ ನಾಲ್ಕು ದಿನ. ಫ್ರಿಜ್, ವಾಷಿಂಗ್ ಮಷಿನ್, ದಿವಾನ, ಮೂರು ಹಾಸಿಗೆ, ಪ್ಲೈವುಡ್ ವಾರ್ಡ್‌ರೋಬು ಎರಡು, ಕೆಳಗಿನ ವೈರಿಂಗ್ ಪೂರ್ತಿ, ಬೋರ್‌ವೆಲ್ ಸ್ಟಾರ್ಟರ್. ಸುಧಾ ನೋಟ್‌ಬುಕ್‌ನಲ್ಲಿ ಬರೆದು ಕೂಡಿದ್ರೆ 2 ಲಕ್ಷದ 80 ಸಾವಿರ ದಾಟ್ತು. ಕಾರನ್ನ ಸ್ಟಾರ್ಟ್ ಮಾಡ್ದೆ ಟೋ ಮಾಡಿಸಿದ್ರಿಂದ ಅದರ ಕ್ಲೇಮ್ ಆಯ್ತು.

ಎದುರು ಮನೆಯವರಿಗೆ ಪಾಲಿಸಿ ಇತ್ತು, ಅವರಲ್ಲಿಗೆ ಸರ್ವೇಯರ್ ಬಂದ. ಗೋಡೆ ಮೇಲಿನ ನೀರಿನ ಗೆರೆಗೆ ಟೇಪ್ ಹಿಡಿದು ಅಳೀತಿದ್ದ, ಹಾಳಾದ ಸಾಮಾನು ಬಿಸಾಕ್ಬೇಡಿ ಅಂತ ಹೇಳ್ತಿದ್ದ. ಟೀ ಕೊಡೋ ನೆಪದಲ್ಲಿ ಕರೆದು ಆ ರಾತ್ರಿ ವಿಷ್ಯ ಪೂರ್ತಿ ಹೇಳ್ದೆ. ಯಾಕೆ ಹೇಳ್ದೆ ಗೊತ್ತಿಲ್ಲ, ಒಳ್ಳೇದಾಯ್ತು ಬಿಡಿ, ಸಿಕ್ಕಿಬೀಳ್ತಿದ್ರಿ ಅಂತಾನೆ ಅಂದ್ಕೊಂಡಿದ್ನೇನೋ. ಅವನು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ನಮ್ಮ ಗೋಡೆ ಗೆರೆ ನೋಡಿದ. "ಸರ್, ಅದೇ ದಿನದ ಪಾಲಿಸಿ ಅಂದ್ರೆ ತುಂಬಾ ಕೆದಕ್ತಾರೆ. ಆದ್ರೂ ಕೆಲವು ಪಾಸ್ ಆಗ್ತವೆ" ಅಂದು ಬ್ಯಾಗ್ ಏರಿಸ್ಕೊಂಡು ಹೋದ.

ಅದನ್ನ ಮನೇಲಿ ಯಾರಿಗೂ ಹೇಳಿಲ್ಲ ನಾನು. ಆ ರಾತ್ರಿ ನಿದ್ದೆ ಬರ್ಲಿಲ್ಲ, 2 ಲಕ್ಷದ 80 ಸಾವಿರ ಅಂದ್ರೆ ನಮಗೆ ಸಣ್ಣ ದುಡ್ಡಲ್ಲ.

ಅಕ್ಟೋಬರ್ ಮೊದಲ ವಾರ ವೈರಿಂಗ್ ಮುಗೀತು, ಗೋಡೆ ಒಣಗ್ತಾ ಬಂತು. ಒಂದು ಸಂಜೆ ಅಮ್ಮನೇ ಹಸಿರು ಫೈಲ್ ತಂದು ಮುಂದಿಟ್ರು. ಹೊಸ ಮೇಜಿನ್ನೂ ಬಂದಿರ್ಲಿಲ್ಲ, ನೆಲದ ಮೇಲೆ ಕೂತು ಮತ್ತೆ ಅದೇ ಪುಟಗಳು, ಚದರಡಿ, ವರ್ಷ, ಗೋಡೆ. ಫೋನ್ ನಂಬರ್ ಕೇಳಿದ ಕಡೆ ನನ್ನದೂ ಸುಧಾದೂ ಎರಡೂ ಹಾಕ್ದೆ. ಸದ್ಯ ಹಾನಿ ಇದೆಯೇ ಅನ್ನೋದಕ್ಕೆ ಗೋಡೆ ಇನ್ನೂ ತೇವ ಇದೆ ಅಂತ ಬರೆದೆ. ಈ ಹಿಂದೆ ಪ್ರವಾಹಕ್ಕೆ ಒಳಗಾಗಿತ್ತೇ ಅಂತ ಮುಂದಿನ ಪ್ರಶ್ನೆ. ಪ್ರೀಮಿಯಂ ಜಾಸ್ತಿ ಆಗ್ಬಹುದು, ಕೊಡಲ್ಲ ಅಂತಲೂ ಅನ್ಬಹುದು ಅಂದ್ಲು ಸುಧಾ.

ಅಮ್ಮ ಕನ್ನಡಕ ಹಾಕ್ಕೊಂಡು ಬಗ್ಗಿದ್ರು. "ಎಲ್ಲಿ, ನಾನೇ ಒತ್ತೀನಿ" ಅಂತ ತೋರುಬೆರಳಿಂದ ಹೌದು ಅಂತ ಒತ್ತಿ, ಸ್ಕ್ರೀನ್ ಒದ್ದೆ ಆಯ್ತೇನೋ ಅಂತ ಸೆರಗಲ್ಲಿ ಒರೆಸಿ ಫೋನ್ ನನ್ನ ಕೈಗೆ ಕೊಟ್ರು.